ಕನ್ನಡಿಯ ಎಡಬಲದ ಎರಡು ದೀಪಗಳು: ಮೂರು ಮಳೆಗಾಲಗಳ ಬಳಕೆಯ ನಂತರ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಬಚ್ಚಲಿನಲ್ಲಿ, ವಾಶ್ ಬೇಸಿನ್ನಿನ ಕನ್ನಡಿಯ ಎರಡೂ ಬದಿಗೆ ಒಂದೊಂದು ಉದ್ದನೆಯ ಎಲ್‌ಇಡಿ ದೀಪವನ್ನು 2022ರ ಡಿಸೆಂಬರಿನಲ್ಲಿ ಹಾಕಿಸಿದೆವು. ತಲಾ ಎರಡು ಅಡಿ ಉದ್ದ, 10 ವ್ಯಾಟ್, ಹಾಲುಬಣ್ಣದ ಪ್ಲಾಸ್ಟಿಕ್ ಹೊದಿಕೆ, ನೀರು ಸಿಡಿದರೂ ತಡೆಯುವ ಐಪಿ44 ಗುರುತು. ಜೋಡಿಗೆ ಸುಮಾರು 2,400 ರೂಪಾಯಿ ಕೊಟ್ಟೆವು. ಮೂರು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ದೀಪಕ್ಕಿಂತಲೂ ಹೆಚ್ಚಾಗಿ ಅದನ್ನು ಕೂರಿಸಿದ ಜಾಗದ ಬಗ್ಗೆಯೇ ಹೇಳಬೇಕಾಗಿದೆ. ಏಕೆಂದರೆ ಇದೇ ದೀಪಗಳು ಮೊದಲ ಒಂದು ತಿಂಗಳು ನಮಗೆ ಏನೇನೂ ಪ್ರಯೋಜನಕ್ಕೆ ಬರಲಿಲ್ಲ.

ಮೊದಲು ನಮ್ಮಲ್ಲಿ ಕನ್ನಡಿಯ ನೆತ್ತಿಯ ಮೇಲೆ, ನೆಲದಿಂದ ಏಳು ಅಡಿ ಎತ್ತರದಲ್ಲಿ, ಒಂದೇ ಒಂದು ದೀಪವಿತ್ತು. ಬೆಳಕು ಬಚ್ಚಲಿಗೆಲ್ಲ ಸಾಕಾಗುವಷ್ಟಿದ್ದರೂ ಮೇಲಿನಿಂದ ಇಳಿಯುತ್ತಿದ್ದ ಕಾರಣ ಹುಬ್ಬಿನ ನೆರಳು ಕಣ್ಣಿನ ಗುಳಿಗೆ, ಮೂಗಿನ ನೆರಳು ಮೇಲ್ದುಟಿಗೆ, ಗಲ್ಲದ ನೆರಳು ಕುತ್ತಿಗೆಗೆ ಬೀಳುತ್ತಿತ್ತು. ನಮ್ಮ ಮಾವನವರಿಗೆ ಎಪ್ಪತ್ತನಾಲ್ಕು ವರ್ಷ. ನಿತ್ಯವೂ ತಾವೇ ಶೇವ್ ಮಾಡಿಕೊಳ್ಳುತ್ತಾರೆ. ದವಡೆಯ ಕೆಳಗಿನ ಬಿಳಿಗಡ್ಡ ಅವರಿಗೆ ಕಾಣಿಸದೆ ಅಲ್ಲಲ್ಲಿ ಉಳಿದುಬಿಡುತ್ತಿತ್ತು, ಇಲ್ಲವೇ ಕಾಣದ ಜಾಗದಲ್ಲಿ ಬ್ಲೇಡು ಒತ್ತಿ ಗಾಯವಾಗುತ್ತಿತ್ತು. ನನ್ನ ತೊಂದರೆ ಬೇರೆ. ಕಣ್ಣಿನ ಕೆಳಗಿನ ಕಪ್ಪನ್ನು ಮುಚ್ಚಲು ಹಚ್ಚುತ್ತಿದ್ದ ಕ್ರೀಮು ಅಲ್ಲಿ ಬಿದ್ದ ನೆರಳನ್ನೂ ಸೇರಿಸಿ ಮುಚ್ಚಲು ಹೋಗಿ ದಪ್ಪವಾಗುತ್ತಿತ್ತು. ಕಚೇರಿಗೆ ಹೋಗಿ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಎರಡು ಬಿಳಿ ಪಟ್ಟೆಗಳು.

ಹೊಸ ದೀಪಗಳನ್ನು ತಂದ ದಿನ ಎಲೆಕ್ಟ್ರಿಷಿಯನ್ ಗೋಡೆಯ ಟೈಲ್ಸಿನ ಸಂದು ಎಲ್ಲಿ ಸಿಗುತ್ತದೆಯೋ ಅಲ್ಲಿಯೇ ತೂತು ಕೊರೆಯೋಣ ಎಂದರು, ನಾನೂ ಒಪ್ಪಿದೆ. ಹಾಗೆ ಕೂರಿಸಿದಾಗ ಎರಡು ದೀಪಗಳ ನಡುವಿನ ಅಂತರ 110 ಸೆಂಟಿಮೀಟರ್ ಆಯಿತು. ಹಾಕಿದ ಸಂಜೆ ಕನ್ನಡಿ ನೋಡಿದರೆ ಕಿವಿ, ಕೆನ್ನೆಯ ಮೂಳೆ ಬೆಳಗುತ್ತಿದ್ದವು. ಮೂಗಿನ ಎರಡು ಬದಿ, ಮೇಲ್ದುಟಿ ಮತ್ತು ಗಲ್ಲದ ನಡುಭಾಗ ಮಾತ್ರ ಮಬ್ಬಾಗಿ, ಮುಖದ ಮಧ್ಯೆ ಉದ್ದಕ್ಕೊಂದು ಕಪ್ಪು ಪಟ್ಟಿ ಎಳೆದಂತೆ ಕಾಣುತ್ತಿತ್ತು. ಕಾರಣ ತಿಳಿಯಲು ಅಳತೆಪಟ್ಟಿ ಹಿಡಿದು ನೋಡಿದೆವು. ಬೇಸಿನ್ನಿನ ಮುಂದೆ ನಿಂತವರ ಮುಖ ಕನ್ನಡಿಯಿಂದ ಸುಮಾರು 45 ಸೆಂಟಿಮೀಟರ್ ದೂರದಲ್ಲಿರುತ್ತದೆ. ದೀಪವು ಮುಖದ ನೇರದಿಂದ 55 ಸೆಂಟಿಮೀಟರ್ ಪಕ್ಕಕ್ಕೆ ಇದ್ದುದರಿಂದ ಬೆಳಕು ಎದುರಿನಿಂದ ಬರುವುದಕ್ಕಿಂತ ಹೆಚ್ಚಾಗಿ ಪಕ್ಕದಿಂದ ಬರುತ್ತಿತ್ತು. ಗಡ್ಡ ಕೆರೆಯುವಾಗ ಇನ್ನಷ್ಟು ಮುಂದೆ ಬಾಗುತ್ತೇವಲ್ಲ, ಆಗ ದೋಷ ಇಮ್ಮಡಿಸುತ್ತಿತ್ತು.

ಮತ್ತೆ ಟೈಲ್ಸ್ ಕೊರೆಯುವ ಮೊದಲು ಈ ಬಾರಿ ಅವಸರ ಮಾಡಲಿಲ್ಲ. ರಾತ್ರಿ ಹೊತ್ತು ದೀಪಗಳನ್ನು ಬಿಚ್ಚಿ, ಎಲೆಕ್ಟ್ರಿಷಿಯನ್ ಉದ್ದನೆಯ ವೈರ್ ಜೋಡಿಸಿಕೊಟ್ಟ ಮೇಲೆ, ನನ್ನ ಗಂಡ ಒಂದನ್ನೂ ಮೈದುನ ಇನ್ನೊಂದನ್ನೂ ಗೋಡೆಗೆ ಒತ್ತಿ ಹಿಡಿದರು. ಮಾವನವರು ಕನ್ನಡಿಯ ಮುಂದೆ ಗಲ್ಲ ಎತ್ತಿ ನಿಂತರು. ದೀಪಗಳನ್ನು ಇಂಚಿಂಚಾಗಿ ಒಳಗೆ ಸರಿಸುತ್ತ ಬಂದಂತೆ ಮೂಗಿನ ಪಕ್ಕದ ಮಬ್ಬು ತೆಳುವಾಗುತ್ತ ಹೋಯಿತು. 72 ಸೆಂಟಿಮೀಟರಿಗೆ ಬಂದಾಗ ಅವರೇ, "ಸಾಕು, ಇಲ್ಲೇ ಇರಲಿ" ಎಂದರು. ನಮ್ಮ ಕನ್ನಡಿಯ ಅಗಲ 60 ಸೆಂಟಿಮೀಟರ್. ಅಂದರೆ ದೀಪಗಳು ಕನ್ನಡಿಯ ಅಂಚಿಗೆ ತಾಗಿದಂತೆಯೇ ನಿಂತವು.

ಎತ್ತರವನ್ನೂ ಅದೇ ರಾತ್ರಿ ತೀರ್ಮಾನಿಸಿದೆವು. ಮಾವನವರ ಕಣ್ಣು ನೆಲದಿಂದ ಸುಮಾರು 160 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನನ್ನದು 144ರಲ್ಲಿದೆ. ಎರಡು ಅಡಿಯ ದೀಪದ ನಡುಬಿಂದು 155ರಲ್ಲಿ ಬರುವಂತೆ ಇಟ್ಟಾಗ ಕೆಳತುದಿ 125ಕ್ಕೆ ಇಳಿಯಿತು. ಅದು ನನ್ನ ಗಲ್ಲಕ್ಕಿಂತಲೂ ಕೆಳಗೆ. ದೀಪದ ಸ್ವಲ್ಪ ಭಾಗ ಗಲ್ಲಕ್ಕಿಂತ ಕೆಳಗಿದ್ದರೆ ಮಾತ್ರ ದವಡೆಯ ಅಡಿಗೆ ಬೆಳಕು ತಲುಪುತ್ತದೆ. ಒಂದಡಿಯ ಗಿಡ್ಡ ದೀಪಗಳನ್ನು ಕೊಂಡಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತಿತ್ತು.

ಇಷ್ಟಾದರೂ ಕುತ್ತಿಗೆಯ ಮೇಲ್ಭಾಗದಲ್ಲಿ ಸಣ್ಣ ನೆರಳೊಂದು ಉಳಿದಿತ್ತು. ಬೇಸಿನ್ನಿನ ಸುತ್ತಲಿನ ಕಟ್ಟೆ ಕರಿ ಗ್ರಾನೈಟಿನದು. ಬಿದ್ದ ಬೆಳಕನ್ನೆಲ್ಲ ಅದು ನುಂಗಿಬಿಡುತ್ತದೆ. ಒಂದು ದಿನ ಅಕಸ್ಮಾತ್ ಅದರ ಮೇಲೆ ಬಿಳಿ ಟವೆಲ್ ಹಾಸಿದ್ದಾಗ ಗಲ್ಲದ ಅಡಿ ಬೆಳಗಿದ್ದನ್ನು ಮಾವನವರು ಕರೆದು ತೋರಿಸಿದರು. ಅಂದಿನಿಂದ ಶೇವ್ ಮಾಡುವಾಗ ಟವೆಲ್ ಹಾಸುವುದು ರೂಢಿಯಾಗಿದೆ. ಹೊಸದಾಗಿ ಕಟ್ಟೆ ಮಾಡಿಸುವವರು ತಿಳಿಬಣ್ಣದ ಕಲ್ಲನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಕಳಕಳಿಯ ಸಲಹೆ.

ಬಣ್ಣದ ವಿಷಯದಲ್ಲಿ ನಾವು ಆರಿಸಿದ್ದು 4000 ಕೆಲ್ವಿನ್‌ನ ದೀಪ. ಅದು ಹಳದಿಯೂ ಅಲ್ಲ, ಟ್ಯೂಬ್‌ಲೈಟಿನ ನೀಲಿಬಿಳುಪೂ ಅಲ್ಲ. ಅದಕ್ಕಿಂತ ಮುಖ್ಯವಾದದ್ದು, ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವ, ಪೆಟ್ಟಿಗೆಯ ಮೇಲಿನ ಸಿಆರ್‌ಐ ಸಂಖ್ಯೆ; ಅದು 90 ಅಥವಾ ಹೆಚ್ಚಿರಬೇಕು. ಕಡಿಮೆ ಇದ್ದರೆ ಕೆಂಪು ಸಪ್ಪೆಯಾಗಿ, ಚರ್ಮ ಬೂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಅಂಗಡಿಯಲ್ಲಿ ಉರಿಸಿ ತೋರಿಸುವುದಾದರೆ ಅಂಗೈಯನ್ನೋ ಒಂದು ಅಬ್ಬಲಿಗೆ ಹೂವನ್ನೋ ಅದರ ಕೆಳಗೆ ಹಿಡಿದು, ಹೊರಗೆ ಬಿಸಿಲಿನಲ್ಲಿ ಮತ್ತೊಮ್ಮೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಬಾಳಿಕೆ. ಸಮುದ್ರದ ಗಾಳಿ ನಮ್ಮ ಮನೆಯೊಳಗೇ ಬೀಸುತ್ತದೆ. ದೀಪದ ಜೊತೆ ಬಂದ ಕಬ್ಬಿಣದ ಸ್ಕ್ರೂಗಳು ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದು ಬಿಳಿ ಟೈಲ್ಸಿನ ಮೇಲೆ ಕಂದು ಕಲೆ ಇಳಿಸಿದವು. ಅವುಗಳ ಬದಲು ಸ್ಟೇನ್‌ಲೆಸ್ ಸ್ಟೀಲಿನವು ಹಾಕಿಸಿದ ಮೇಲೆ ಕಲೆ ಮರುಕಳಿಸಿಲ್ಲ. ಚಿರೆಕಲ್ಲಿನ ಗೋಡೆ ಕೊರೆದಾಗ ಪುಡಿಯಾಗುತ್ತದೆ, ಆದ್ದರಿಂದ ಎರಡನೆಯ ಸಲ ಉದ್ದನೆಯ ಪ್ಲಗ್ಗು, ಉದ್ದನೆಯ ಸ್ಕ್ರೂ ಬೇಕಾಯಿತು.

ಎರಡನೆಯ ಮಳೆಗಾಲದಲ್ಲಿ, ಕರೆಂಟು ಪದೇಪದೇ ಹೋಗಿ ಬರುತ್ತಿದ್ದ ವಾರದಲ್ಲಿ, ಎಡಗಡೆಯ ದೀಪ ಮಿಣುಕಲು ಶುರುವಾಗಿ ಆರಿಹೋಯಿತು. ಕೆಟ್ಟಿದ್ದು ಎಲ್‌ಇಡಿ ಅಲ್ಲ, ಅದಕ್ಕೆ ಹದವಾದ ಕರೆಂಟು ಕೊಡುವ ಒಳಗಿನ ಡ್ರೈವರ್. ಅದನ್ನು ಬೇರೆಯಾಗಿ ಬಿಚ್ಚಬಹುದಾಗಿದ್ದರಿಂದ ಕೆಲವೇ ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯಿತು. ಒಳಗೇ ಅಂಟಿಸಿದ ಮಾದರಿಯಾಗಿದ್ದರೆ ಇಡೀ ದೀಪವನ್ನೇ ಬಿಸಾಡಬೇಕಿತ್ತು. ಡ್ರೈವರ್ ಸಿಗುವವರೆಗಿನ ಹನ್ನೊಂದು ದಿನ ಒಂದೇ ದೀಪ ಉರಿಯುತ್ತಿತ್ತು. ಮೂಗಿನ ನೆರಳು ಎಡಗೆನ್ನೆಯ ಮೇಲೆ ಕತ್ತರಿಸಿದಂತೆ ಬೀಳುತ್ತಿತ್ತು, ಮಾವನವರು ಆ ಕಡೆಯ ಗಡ್ಡವನ್ನು ಕಿಟಕಿಯ ಬಳಿ ಕೈಗನ್ನಡಿ ಹಿಡಿದು ಮುಗಿಸುತ್ತಿದ್ದರು. ಒಂದರ ನೆರಳನ್ನು ಇನ್ನೊಂದು ತುಂಬುವುದರಿಂದಲೇ ಈ ವ್ಯವಸ್ಥೆ ನಡೆಯುತ್ತದೆ ಎಂಬುದು ಆಗ ಕಣ್ಣಾರೆ ಕಂಡಿತು.

ಗೋಡೆಯಿಂದ ಗೋಡೆಗೆ ಕನ್ನಡಿ ಹಾಕಿಸಿರುವವರಿಗೆ ಈ ದೀಪಗಳು ಹೊಂದುವುದಿಲ್ಲ. ಕನ್ನಡಿಯ ಎರಡೂ ಪಕ್ಕ ಕನಿಷ್ಠ ನಾಲ್ಕು ಇಂಚು ಖಾಲಿ ಗೋಡೆ ಬೇಕು. ಕನ್ನಡಿಯ ಹಿಂದಿನಿಂದ ಬೆಳಕು ಸೂಸುವ ಮಾದರಿಯನ್ನು ನಾದಿನಿಯ ಮನೆಯಲ್ಲಿ ಬಳಸಿ ನೋಡಿದ್ದೇನೆ. ಅಲ್ಲಿ ಗೋಡೆ ಬೆಳಗುತ್ತದೆ, ಮುಖ ಬೆಳಗುವುದಿಲ್ಲ.