ಕೇಳದೆ ಗೆಳತಿಯ ಮುಖ ಬದಲಿಸಿ ಹಾಕಿದೆ, ಆಮೇಲೆ ಬರೆದ ಪತ್ರ ಇದು

ಮುಖ ಬದಲಿಸುವ ಆ್ಯಪ್ ನಿಮ್ಮ ಫೋನಿನಲ್ಲೂ ಇದ್ದರೆ ದಯವಿಟ್ಟು ಇದನ್ನು ಓದಿ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ತೆಗೆದ ಗೆಳತಿಯ ಫೋಟೋ ನನ್ನ ಹತ್ತಿರ ಇತ್ತು. ಅವಳ ಮುಖವನ್ನು ಆ್ಯಪ್‌ನಲ್ಲೇ ಇದ್ದ ಮದುಮಗಳ ಚಿತ್ರಕ್ಕೆ ಕೂಡಿಸಿ, ಸುಮ್ನೆ ತಮಾಷೆಗೆ ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಅವಳನ್ನು ಕೇಳಲಿಲ್ಲ. ಆಗ ಅವಳ ಮನೆಯಲ್ಲಿ ವರ ನೋಡುತ್ತಿದ್ದರು.

ಮೊದಲು ಬರೆದ ಪತ್ರ ಹರಿದು ಹಾಕಿದೆ. ಅದರಲ್ಲಿ ‘ನಿನಗೆ ಬೇಜಾರಾಗಿದ್ದರೆ ಕ್ಷಮಿಸು’ ಅಂತಿತ್ತು. ಆಗಿದ್ದರೆ ಅಂತ ಏನು? ಆಗಿತ್ತು, ಅವಳು ಫೋನಿನಲ್ಲಿ ಅತ್ತಿದ್ದಳು. ಎರಡನೇ ಪತ್ರವನ್ನು ಅವಳನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ಗೆಳತಿ,

ನಿನ್ನ ಮುಖ ಬದಲಿಸಿ ಹಾಕಿದ್ದು ನಾನು. ತಪ್ಪು ಪೂರ್ತಿ ನನ್ನದು. ಬೆಳಿಗ್ಗೆ ಹಾಕಿದ್ದನ್ನು ಮಧ್ಯಾಹ್ನ ನೀನು ಹೇಳಿದ ಕೂಡಲೇ ತೆಗೆದೆ. ಹೇಗಿದ್ದರೂ 24 ಗಂಟೆಗೆ ತಾನೇ ಹೋಗುವ ಸ್ಟೇಟಸ್ ಅಂದುಕೊಂಡಿದ್ದೆ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದು ಆಳಂದದ ನಿಮ್ಮ ಮಾಮಾನವರ ಗ್ರೂಪಿಗೆ ಕಳಿಸಿದ್ದರು. ನಾನು ಅಳಿಸಿದ್ದು ನನ್ನ ಫೋನಿನಿಂದ ಹೋದದ್ದನ್ನು ಮಾತ್ರ. ಆ ಸ್ಕ್ರೀನ್‌ಶಾಟ್ ಅಳಿಸಲು ನನ್ನ ಕೈಲಿ ಆಗುವುದಿಲ್ಲ. ‘ನಮಗ ಹೇಳದೇ ಮದುವಿ ಮಾಡಿದ್ರೇನು?’ ಅಂತ ಮಾಮಾ ನಿಮ್ಮವ್ವನನ್ನು ಕೇಳಿದ್ದು ನನ್ನಿಂದ.

ಆ ಚಿತ್ರದಲ್ಲಿ ಹುಬ್ಬಿನಿಂದ ಗದ್ದದವರೆಗೆ ಮಾತ್ರ ನೀನು. ಕಿವಿ, ಕೂದಲು, ಕುತ್ತಿಗೆ ಬೇರೆಯವಳದು. ಗದ್ದದ ಕೆಳಗೆ ಮೈಬಣ್ಣ ಒಮ್ಮೆಲೇ ಬೇರೆಯಾಗುತ್ತದೆ. ಆದರೆ ಕೈಯಿಂದ ಕೈಗೆ ಹೋಗಿ ಚಿತ್ರ ಮಸುಕಾದ ಮೇಲೆ ಆ ಗುರುತೂ ಕಾಣಲಿಲ್ಲ. ಅದಕ್ಕೇ ಎಲ್ಲರೂ ನಂಬಿದರು.

ಆ್ಯಪ್‌ನ ಮದುಮಗಳ ಮೂಲ ಚಿತ್ರವನ್ನು ಮಾಮಾನವರಿಗೆ ಕಳಿಸಿದೆ. ಅದೇ ಸೀರೆ, ಅದೇ ಸರ, ಮುಖ ಬೇರೆ. ನಾನೇ ಮಾಡಿದ್ದು ಅಂತ ಬರೆದೆ, ಗ್ರೂಪಿನಲ್ಲೂ ಹಾಕಿಸಿದೆ. ನಿನ್ನ ಫೋಟೋ ಮತ್ತೆ ಎಲ್ಲೂ ಹಾಕಲಿಲ್ಲ. ‘ಇದು ಸುಳ್ಳು’ ಅಂತ ಬರೆದು ಹಾಕಿದರೂ ಇನ್ನಷ್ಟು ಜನ ನೋಡುತ್ತಾರೆ ಅಲ್ವಾ? ಆ್ಯಪ್ ತೆಗೆದರೆ ಒಳಗಿನ ಖಾತೆ ಹೋಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಖಾತೆಯನ್ನೂ ಅಳಿಸಿದೆ. ಅವರ ಸರ್ವರಿನಲ್ಲಿರುವ ನಿನ್ನ ಫೋಟೋ ತೆಗೆಯಿರಿ ಅಂತ ಮೇಲ್ ಮಾಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ನಿನಗೆ ದೂರು ಕೊಡಬೇಕು ಅನಿಸಿದರೆ cybercrime.gov.in ನಲ್ಲಿ ಕೊಡು. ನಾನು ಹಾಕಿದ ತಾರೀಖು, ಸಮಯ, ಚಿತ್ರ ಎಲ್ಲವನ್ನೂ ನಾನೇ ಕೊಡುತ್ತೇನೆ. ನಿನ್ನನ್ನು ತಡೆಯುವುದಿಲ್ಲ, ನಮ್ಮ ಮನೆಯವರಿಂದ ಹೇಳಿಸುವುದೂ ಇಲ್ಲ. ಕ್ಷಮಿಸು. ಮಾತಾಡುವುದು ಬಿಡುವುದು ನಿನಗೆ ಬಿಟ್ಟದ್ದು.

ಪತ್ರ ಕೊಟ್ಟು ನಾಲ್ಕು ದಿನದ ಮೇಲೆ ಅವಳು ಫೋನ್ ಮಾಡಿದಳು. ‘ಮೆಸೇಜ್ ಸಾಲೋದಿಲ್ಲ, ಮಾಮಾನ ಮುಂದ ಕೂತು ನೀನೇ ಹೇಳು’ ಅಂದಳು. ಭಾನುವಾರ ಅವಳ ಜೊತೆ ಆಳಂದಕ್ಕೆ ಹೋಗುತ್ತಿದ್ದೇನೆ.