ಕೃಷಿ ಹೊಂಡದ ಸೋಲಾರ್ ಪೆಟ್ಟಿಗೆ: ಒಂದು ಕಂಟ್ರೋಲರ್, ಎರಡು ಬ್ಯಾಟರಿ

ಚಿಂತಾಮಣಿ ತಾಲ್ಲೂಕಿನ ನಮ್ಮ ತೋಟದಲ್ಲಿ ಕೃಷಿ ಹೊಂಡದ ದಂಡೆಗೆ ಒಂದು ಕಂಬ ನೆಟ್ಟಿದ್ದೇವೆ. ಅದರ ಮೇಲೆ 20 ವ್ಯಾಟ್ ಪ್ಯಾನೆಲ್, ಮೂರು ವ್ಯಾಟ್ ಎಲ್‌ಇಡಿ ದೀಪ. ಕೆಳಗೆ ನೀರಿನ ಮಟ್ಟ ಅಳೆದು ಮೊಬೈಲ್‌ಗೆ ಸಂದೇಶ ಕಳುಹಿಸುವ, ಸಿಮ್ ಹಾಕಿದ ಸೆನ್ಸರ್. ಪಂಪ್‌ಸೆಟ್ ಲೈನಿಗೆ ದಿನವಿಡೀ ಕರೆಂಟ್ ಇರುವುದಿಲ್ಲ, ಬರುವುದು ಎಷ್ಟೋ ಸಲ ರಾತ್ರಿಯೇ. ಹಾಗಾಗಿ ದೀಪಕ್ಕೂ ಸೆನ್ಸರಿಗೂ ಸೋಲಾರ್ ಬಿಟ್ಟರೆ ದಾರಿಯಿಲ್ಲ. ಇವೆಲ್ಲವನ್ನೂ ನಡೆಸುವುದು ಎಲ್ಲ ಅಂಗಡಿಗಳಲ್ಲೂ ಸಿಗುವ, ಪುಟ್ಟ ಪರದೆಯ, 10 ಆಂಪಿಯರ್‌ನ ಪಿಡಬ್ಲ್ಯೂಎಂ ಕಂಟ್ರೋಲರ್, ಅಂದರೆ ಪ್ಯಾನೆಲನ್ನು ಬ್ಯಾಟರಿಗೆ ನೇರವಾಗಿ ಕೂಡಿಸುತ್ತಾ ಬಿಡಿಸುತ್ತಾ ಚಾರ್ಜ್ ಮಾಡುವ ಸರಳ ಬಗೆ. ಕಂಟ್ರೋಲರ್ ಇಂದಿಗೂ ಅದೇ. ಬ್ಯಾಟರಿ ಮಾತ್ರ ಬದಲಾಗಿದೆ.

ಅಂಗಡಿಯವರು ಸೆಟ್ ಜೊತೆಗೆ ಕೊಟ್ಟದ್ದು ಯುಪಿಎಸ್‌ಗಳಲ್ಲಿ ಇರುವಂಥ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ. ಮೊದಲ ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ನಾಲ್ಕಾರು ದಿನ ಮೋಡ ಕವಿದಾಗ ದೀಪ ಆರಿತು. ಬಿಸಿಲು ಬಂದ ಮೇಲೂ ಬ್ಯಾಟರಿ ಮೊದಲಿನಂತಾಗಲಿಲ್ಲ. ಸಂಜೆ ಪರದೆಯಲ್ಲಿ 13 ವೋಲ್ಟ್ ಕಾಣುತ್ತಿತ್ತು, ದೀಪ ಹತ್ತಿ ಸ್ವಲ್ಪ ಹೊತ್ತಿಗೇ 11ಕ್ಕೆ ಜಾರುತ್ತಿತ್ತು. ಬ್ಯಾಟರಿಯ ಒಳಗೆ ಸಲ್ಫೇಟ್ ಗಟ್ಟಿಯಾಗಿದೆ ಎಂದು ಗುರುತಿಸಲು ಇಷ್ಟು ಸಾಕು.

ಕಾರಣ ಹುಡುಕಿದಾಗ ಸಿಕ್ಕಿದ್ದು ಎರಡು ಸಂಗತಿ. ಈ ಬಗೆಯ ಕಂಟ್ರೋಲರಿನಲ್ಲಿ ಲೋಡ್ ಟರ್ಮಿನಲ್ ಒಂದೇ. ದೀಪ ಸಂಜೆ ತಾನೇ ಹತ್ತಿ ಕೆಲವು ಗಂಟೆಗಳ ನಂತರ ಆರಬೇಕೆಂದು ಟೈಮರ್ ಇಟ್ಟರೆ, ಹಗಲಿನಲ್ಲಿ ಆ ಟರ್ಮಿನಲ್‌ಗೆ ವಿದ್ಯುತ್ತೇ ಇರುವುದಿಲ್ಲ. ಸೆನ್ಸರ್‌ಗೆ ಹಗಲೂ ಬೇಕು. ಆದ್ದರಿಂದ ಕೂಡಿಸಲು ಬಂದ ಮೆಕ್ಯಾನಿಕ್ ಸೆನ್ಸರ್‌ನ ತಂತಿಯನ್ನು ನೇರವಾಗಿ ಬ್ಯಾಟರಿಗೇ ಕಟ್ಟಿದ್ದರು. ಬ್ಯಾಟರಿ ಬರಿದಾದಾಗ ಕಂಟ್ರೋಲರ್ ದೀಪವನ್ನು ಕಡಿತ ಮಾಡಿತು, ನಿಜ. ಸೆನ್ಸರ್ ಮಾತ್ರ ಯಾರ ಅಂಕೆಯೂ ಇಲ್ಲದೆ ಉಳಿದದ್ದನ್ನೂ ಹೀರುತ್ತಾ ಹೋಯಿತು.

ಎರಡನೆಯದು ಕಡಿತದ ಅಂಕಿ. ಕಾರ್ಖಾನೆಯಿಂದ ಬರುವಾಗ ಅದು 10.7 ವೋಲ್ಟ್ ಇರುತ್ತದೆ. ದೊಡ್ಡ ಲೋಡ್ ಇದ್ದರೆ ಇದಕ್ಕೊಂದು ಅರ್ಥವಿದೆ, ಏಕೆಂದರೆ ಭಾರ ಬಿದ್ದಾಗ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ವೋಲ್ಟೇಜ್ ಕುಸಿಯುತ್ತದೆ. ನಮ್ಮದು ಕಾಲು ಆಂಪಿಯರ್ ಆಸುಪಾಸಿನ ಲೋಡ್. ಇಷ್ಟು ಸಣ್ಣ ಲೋಡಿನಲ್ಲಿ ಲೆಡ್ ಆಸಿಡ್ ಬ್ಯಾಟರಿ 10.7ಕ್ಕೆ ಇಳಿಯಿತೆಂದರೆ ಅದು ಪೂರ್ತಿ ಖಾಲಿ. ಅರ್ಧ ಉಳಿಸಿಕೊಳ್ಳಬೇಕಾದರೆ 12 ವೋಲ್ಟಿನ ಹತ್ತಿರವೇ ನಿಲ್ಲಿಸಬೇಕು. ಆದ್ದರಿಂದ ಕಂಟ್ರೋಲರ್ ಕೊಳ್ಳುವಾಗ ನೋಡಬೇಕಾದದ್ದು ಡಬ್ಬಿಯ ಮೇಲಿನ ಆಂಪಿಯರ್ ಅಲ್ಲ. ಚಾರ್ಜ್ ನಿಲ್ಲಿಸುವ, ಲೋಡ್ ಕಡಿಯುವ, ಮತ್ತೆ ಕೊಡುವ ಮೂರು ವೋಲ್ಟೇಜ್‌ಗಳನ್ನು ನಾವೇ ಬದಲಿಸಬಹುದೇ, ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿ. ನನ್ನದರಲ್ಲಿ ಕಡಿತವನ್ನು 11.8ರವರೆಗೆ ಏರಿಸಬಹುದು, ಅಲ್ಲಿಗೇ ಇಟ್ಟಿದ್ದೇನೆ.

ಹೊಸ ಬ್ಯಾಟರಿ ತರುವ ಮುನ್ನ ಲೆಕ್ಕ ಹಾಕಿದೆ. ಸೆನ್ಸರ್ ಸರಾಸರಿ 60 ಮಿಲಿಆಂಪಿಯರ್ ಎಳೆಯುತ್ತದೆ, ದಿನಕ್ಕೆ ಸುಮಾರು 1.4 ಆಂಪಿಯರ್-ಗಂಟೆ. ದೀಪ ಐದು ಗಂಟೆ ಉರಿದರೆ 1.25. ಕಂಟ್ರೋಲರ್ ತನಗೇ ತಿನ್ನುವುದು ಕಾಲು ಆಂಪಿಯರ್-ಗಂಟೆ. ಒಟ್ಟು ಹತ್ತಿರ ಹತ್ತಿರ 3. ಒಳ್ಳೆಯ ಬಿಸಿಲಿನಲ್ಲಿ ಪ್ಯಾನೆಲ್ 5 ಕೊಡುತ್ತದೆ, ದಟ್ಟ ಮೋಡದ ದಿನ 1 ಸಿಕ್ಕರೆ ಹೆಚ್ಚು. ಅಂದರೆ ಮೋಡದ ಪ್ರತಿ ದಿನವೂ 2 ಕೊರತೆ. ಅರ್ಧ ಮಾತ್ರ ಬಳಸಬೇಕಾದ 7ರ ಲೆಡ್ ಆಸಿಡ್ ಬ್ಯಾಟರಿ ಎರಡು ದಿನವೂ ತಡೆಯದು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 12.8 ವೋಲ್ಟ್, 12 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ಬೆಲೆ ಹಳೆಯದರ ಸುಮಾರು ನಾಲ್ಕು ಪಟ್ಟು. ಇದರಲ್ಲಿ 10ರಷ್ಟನ್ನು ಧೈರ್ಯವಾಗಿ ಬಳಸಬಹುದು, ಮೋಡ ಐದು ದಿನ ಇದ್ದರೂ ನಡೆಯುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಲಾಭ ಬೇರೆ. ಮೋಡ ಸರಿದ ಮೇಲೆ ನಮ್ಮ ಪ್ಯಾನೆಲ್ ದಿನಕ್ಕೆ 2ರಷ್ಟು ಮಾತ್ರ ಮಿಗಿಸುತ್ತದೆ, ಬ್ಯಾಟರಿ ಪೂರ್ತಿ ತುಂಬಲು ಹಲವು ದಿನ ಬೇಕು. ಅರೆ ತುಂಬಿದ ಸ್ಥಿತಿಯಲ್ಲಿ ದಿನಗಟ್ಟಲೆ ಕುಳಿತರೆ ಲೆಡ್ ಆಸಿಡ್ ಕೆಡುತ್ತದೆ, ಇದು ಕೆಡುವುದಿಲ್ಲ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದೆಂಬ ಷರತ್ತು ನಮ್ಮ ಸೀಮೆಯ ಚಳಿಗೆ ಅನ್ವಯಿಸುವುದೇ ಇಲ್ಲ.

12 ವೋಲ್ಟ್ ಲಿಥಿಯಂ ಎಂದು ಬರೆದ ಎಲ್ಲವೂ ಇದೇ ಬ್ಯಾಟರಿಯಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಮೂರು ಸೆಲ್‌ಗಳ ಲಿಥಿಯಂ ಅಯಾನ್ ಪ್ಯಾಕ್ 12.6 ವೋಲ್ಟಿಗೇ ತುಂಬಿರುತ್ತದೆ. ಲೆಡ್ ಆಸಿಡ್‌ಗೆ ಹೊಂದಿಸಿದ ಕಂಟ್ರೋಲರ್ ಅದನ್ನು 13.7ಕ್ಕೆ, ಕೆಲವೊಮ್ಮೆ 14.4ಕ್ಕೆ ತಳ್ಳಲು ಹೋಗುತ್ತದೆ. ಆಗ ಬೆಂಕಿಗೂ ಬ್ಯಾಟರಿಗೂ ನಡುವೆ ಇರುವುದು ಪ್ಯಾಕಿನೊಳಗಿನ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟ್ ಒಂದೇ. ನಾಲ್ಕು ಸೆಲ್‌ಗಳ ಫಾಸ್ಫೇಟ್ ಬ್ಯಾಟರಿಗೆ 14.4 ಸಹಜ ಮಿತಿ, ಆದ್ದರಿಂದ ಹಳೆಯ ಕಂಟ್ರೋಲರ್ ಜೊತೆಗೂ ಅದು ಹೊಂದಿಕೊಳ್ಳುತ್ತದೆ.

ಬಿಎಂಎಸ್‌ಗೂ ಒಂದು ಗುಣವಿದೆ. ಬ್ಯಾಟರಿ 10 ವೋಲ್ಟಿನ ಹತ್ತಿರಕ್ಕೆ ಇಳಿದರೆ ಅದು ಸಂಪರ್ಕವನ್ನೇ ಕಡಿದುಬಿಡುತ್ತದೆ. ಕಂಟ್ರೋಲರಿನ ಕಣ್ಣಿಗೆ ಆಗ ಬ್ಯಾಟರಿಯೇ ಇಲ್ಲ. ಕೆಲವು ಕಂಟ್ರೋಲರ್‌ಗಳು ಬೆಳಿಗ್ಗೆ ಬಿಸಿಲು ಬಂದರೂ ಏಳುವುದಿಲ್ಲ, ಇನ್ನು ಕೆಲವು ಪ್ಯಾನೆಲ್‌ನ 21 ವೋಲ್ಟನ್ನು ನೇರ ಲೋಡಿಗೆ ಬಿಡುತ್ತವೆ. ಸೆನ್ಸರ್ ಬೋರ್ಡ್ ಸುಡಲು ಅಷ್ಟು ಸಾಕು. ಬ್ಯಾಟರಿ ಬಿಚ್ಚುವಾಗ ಮೊದಲು ಪ್ಯಾನೆಲ್ ತಂತಿ ತೆಗೆಯಬೇಕು, ಕೂಡಿಸುವಾಗ ಬ್ಯಾಟರಿ ಮೊದಲು ಎನ್ನುವುದೂ ಇದೇ ಕಾರಣಕ್ಕೆ. ಕಂಟ್ರೋಲರ್ 11.8ಕ್ಕೇ ಕಡಿತ ಮಾಡಿದರೆ ಬಿಎಂಎಸ್‌ವರೆಗೆ ಮಾತು ಹೋಗುವುದಿಲ್ಲ.

ಆದರೆ ಅದಕ್ಕೆ ಸೆನ್ಸರ್ ಕೂಡ ಲೋಡ್ ಟರ್ಮಿನಲ್‌ನಲ್ಲೇ ಇರಬೇಕು. ಈಗ ಟರ್ಮಿನಲ್ 24 ಗಂಟೆ ಚಾಲೂ, ದೀಪಕ್ಕೆ ಪ್ರತ್ಯೇಕ ಟೈಮರ್ ಹಾಕಿದ್ದೇನೆ. ಇಂಥ ಅಗ್ಗದ ಕಂಟ್ರೋಲರ್‌ಗಳಲ್ಲಿ ಹಲವು ಕಡಿತ ಮಾಡುವುದು ಮೈನಸ್ ತಂತಿಯನ್ನು, ಪ್ಲಸ್ ಎಲ್ಲಕ್ಕೂ ಒಂದೇ. ಕಬ್ಬಿಣದ ಪೆಟ್ಟಿಗೆಗೆ ಎಲ್ಲ ಮೈನಸ್‌ಗಳನ್ನೂ ಒಟ್ಟು ಸೇರಿಸಿದರೆ ಕಡಿತ ಎಂಬುದೇ ನಡೆಯುವುದಿಲ್ಲ. ಏನೂ ಜೋಡಿಸದ ಕಂಟ್ರೋಲರಿನ ಪ್ಯಾನೆಲ್ ಪ್ಲಸ್, ಬ್ಯಾಟರಿ ಪ್ಲಸ್ ನಡುವೆ ಮಲ್ಟಿಮೀಟರ್ ಬೀಪ್ ಎಂದರೆ ನಿಮ್ಮದೂ ಆ ಜಾತಿಯದೇ.

ಪ್ಯಾನೆಲಿನ ಹೆಚ್ಚುವರಿ ವೋಲ್ಟೇಜನ್ನೂ ಕರೆಂಟಾಗಿ ಬದಲಿಸಿಕೊಡುವ ಎಂಪಿಪಿಟಿ ಕಂಟ್ರೋಲರ್ ಬೇಕೇ ಎಂದು ಪಕ್ಕದ ತೋಟದವರು ಕೇಳುತ್ತಿರುತ್ತಾರೆ. 20 ವ್ಯಾಟ್ ಪ್ಯಾನೆಲ್‌ಗೆ ಬೇಡ. ಅದರಿಂದ ಸಿಗುವ ಹೆಚ್ಚುವರಿ ಕರೆಂಟ್ ದಿನಕ್ಕೆ 1 ಆಂಪಿಯರ್-ಗಂಟೆಯ ಸುತ್ತಮುತ್ತ. ಅದೇ ಹಣಕ್ಕೆ 40 ವ್ಯಾಟ್ ಪ್ಯಾನೆಲ್ ತಂದರೆ ಮೋಡದಲ್ಲೂ ಇಮ್ಮಡಿ ಸಿಗುತ್ತದೆ. ಮನೆ ಮಾಳಿಗೆಯಿಂದ ಇಳಿಸಿದ, 30 ವೋಲ್ಟಿನ ದೊಡ್ಡ ಪ್ಯಾನೆಲ್ ಕೈಯಲ್ಲಿದ್ದರೆ ಮಾತು ಬೇರೆ, ಅಲ್ಲಿ ಪಿಡಬ್ಲ್ಯೂಎಂ ಅರ್ಧಕ್ಕಿಂತ ಹೆಚ್ಚನ್ನು ಕಳೆಯುತ್ತದೆ. ಕೊಂಡರೂ ಹೆಸರು ನಂಬಬೇಡಿ. ಬ್ಯಾಟರಿ ತುಂಬದ ಹೊತ್ತಿನಲ್ಲಿ, ಬಿಸಿಲಿನಲ್ಲಿ ಪ್ಯಾನೆಲ್ ಟರ್ಮಿನಲ್ ಅಳೆಯಿರಿ. ಬ್ಯಾಟರಿಯಷ್ಟೇ ವೋಲ್ಟೇಜ್ ತೋರಿಸಿದರೆ ಅದು ಎಂಪಿಪಿಟಿ ಚೀಟಿ ಅಂಟಿಸಿದ ಪಿಡಬ್ಲ್ಯೂಎಂ.

ಕಂಟ್ರೋಲರ್ ಬಗ್ಗೆ ಉಳಿದ ದೂರು ಸಣ್ಣದು. ಪರದೆಯ ಅಂಕಿ ಮಲ್ಟಿಮೀಟರಿಗಿಂತ 0.1 ವೋಲ್ಟ್ ಹೆಚ್ಚು ತೋರಿಸುತ್ತದೆ, ಟರ್ಮಿನಲ್ ಸ್ಕ್ರೂಗಳನ್ನು ಆಗಾಗ ಬಿಗಿ ಮಾಡಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಬ್ಯಾಟರಿಗೆ ನಾಲ್ಕೂವರೆ, ಕಳೆದ ಅರ್ಧ ಅಂಕ ಬೆಲೆಗೆ.