3 ವರ್ಷ ಬಳಸಿದ ಡೆಲಿವರಿ ಆ್ಯಪ್, ಹೋಟೆಲಿನವರ ಕಡೆಯಿಂದ: 115 ರೂಪಾಯಿ 50 ಪೈಸೆಯ ಜಗಳ

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್. ಗ್ರಾಹಕರು ನೋಡುವ ಆ್ಯಪ್ ಬಗ್ಗೆ ನಾನು ಹೇಳುತ್ತಿಲ್ಲ. ಹೋಟೆಲಿನವರಿಗೆ ಕೊಡುವ ಆ್ಯಪ್ ಇದೆಯಲ್ಲ, ಅದರ ಕಥೆ ಇದು. ಆರ್ಡರ್ ಬರುತ್ತದೆ, ಪ್ರತಿ ಬುಧವಾರ ದುಡ್ಡು ಬೀಳುತ್ತದೆ, ಅದಕ್ಕೇನೂ ತಕರಾರಿಲ್ಲ. ತಕರಾರು ಇರುವುದು ಗ್ರಾಹಕರಿಗೆ ಕೊಟ್ಟ ರಿಫಂಡನ್ನು ನಮ್ಮ ದುಡ್ಡಿನಲ್ಲಿ ಮುರಿದುಕೊಳ್ಳುವುದರಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಎರಡು ಮಸಾಲೆ ದೋಸೆ, ಒಂದು ಇಡ್ಲಿ ವಡೆ, ಒಂದು ಬಿಸಿಬೇಳೆಬಾತ್ ಹೋಯಿತು. ಅರ್ಧ ಗಂಟೆಗೆ 'ಬಿಸಿಬೇಳೆಬಾತ್ ಬಂದಿಲ್ಲ' ಅಂತ ದೂರು. ಒಪ್ಪುತ್ತೀರಾ ಇಲ್ಲವಾ ಅಂತ ಆ್ಯಪ್ ಕೇಳುತ್ತದೆ, ಉತ್ತರಿಸಲು ಕೆಲವೇ ನಿಮಿಷ. ಭಾನುವಾರ ಹತ್ತು ಗಂಟೆಗೆ ಕ್ಯಾಷಿನಲ್ಲಿ ಕೂತವರು ಟೋಕನ್ ಹರಿಯಬೇಕೋ, ಫೋನ್ ನೋಡಬೇಕೋ? ಟೈಮ್ ಮುಗಿಯಿತು. ನಾವು ಸುಮ್ಮನಿದ್ದದ್ದನ್ನೇ 'ಹೋಟೆಲಿನವರು ಒಪ್ಪಿದ್ದಾರೆ' ಅಂತ ಬರೆದುಕೊಂಡರು.

ನಮಗೆ ಗೊತ್ತಾಗಿದ್ದು ಬುಧವಾರ, ಪೇಔಟ್ ಶೀಟ್ ತೆರೆದಾಗ. 110 ರೂಪಾಯಿಯ ಐಟಂಗೆ 115.50 ಮುರಿದಿದ್ದರು. ಆ ಐದೂವರೆ ರೂಪಾಯಿ ಕಣ್ಣಿಗೆ ಚುಚ್ಚಿತು. ಅದು ಗ್ರಾಹಕರು ಕೊಟ್ಟ 5% ಜಿಎಸ್‌ಟಿ. 2022ರ ಜನವರಿ 1ರಿಂದ ಆ್ಯಪ್‌ನಲ್ಲಿ ಬಂದ ಊಟದ ಜಿಎಸ್‌ಟಿಯನ್ನು ಕಂಪನಿಯೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಕೈಗೆ ಬರದ ದುಡ್ಡನ್ನು ನಮ್ಮಿಂದ ಹೇಗೆ ಮುರಿಯುತ್ತಾರೆ?

ಇನ್ನೊಂದು ಲೆಕ್ಕ ನೋಡಿ. ನಮ್ಮ ಕಮಿಷನ್ 22%, ಅದರ ಮೇಲೆ 18% ಜಿಎಸ್‌ಟಿ. 110ರಲ್ಲಿ ನಮಗೆ ಸೇರುವುದು ಸುಮಾರು 81 ಮಾತ್ರ. ಹಾಗಾಗಿ ತಪ್ಪು ನಮ್ಮದೇ ಆಗಿ ರಿಫಂಡ್ ಹೋದಾಗಲೂ, ಆ ಐಟಂನ ಕಮಿಷನ್ ವಾಪಸ್ ಹಾಕಿದ್ದಾರಾ ಅಂತ ಶೀಟಿನಲ್ಲಿ ಹುಡುಕಿ. ಹಾಕದಿದ್ದರೆ ನೀವು ಮಾರದ ತಿಂಡಿಗೂ ಕಮಿಷನ್ ಕಟ್ಟಿದ ಹಾಗೆ.

ಮೊದಲ ಮೇಲ್ ಸಿಟ್ಟಿನಲ್ಲಿ ಬರೆದೆ. ಇಡೀ ತಿಂಗಳ ಗೋಳೆಲ್ಲ ಅದರಲ್ಲಿತ್ತು. 'ತೊಂದರೆಗೆ ವಿಷಾದಿಸುತ್ತೇವೆ' ಅಂತ ಅಚ್ಚು ಹಾಕಿದ ಉತ್ತರ ಬಂತು. ಎರಡನೇ ಸಲ ಒಂದೇ ಆರ್ಡರ್ ಹಿಡಿದೆ. ಆರ್ಡರ್ ನಂಬರ್, ಡಬ್ಬಿ ಚೀಲದೊಳಗೆ ಹೋಗುವ ಸಿಸಿಟಿವಿ ತುಣುಕು, ಡೆಲಿವರಿ ಹುಡುಗ ಚೀಲ ತೆಗೆದುಕೊಂಡ ಸಮಯ. ಗ್ರಾಹಕರು ಕಳಿಸಿದ ಫೋಟೋ ಕೇಳಿದೆ. 110 ಬೇರೆ, 5.50 ಬೇರೆ ಅಂತ ಬಿಡಿಸಿ ಬರೆದೆ. ಹನ್ನೊಂದು ದಿನಕ್ಕೆ ಪೂರ್ತಿ ವಾಪಸ್ ಬಂತು. ನಮ್ಮ ಡಿವಿಆರ್‌ನಲ್ಲಿ ಏಳೇ ದಿನದ ರೆಕಾರ್ಡಿಂಗ್ ನಿಲ್ಲುತ್ತದೆ. ಶೀಟನ್ನು ಮುಂದಿನ ವಾರ ತೆರೆದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ.

ಆದರೆ ಆ ಗ್ರಾಹಕರು ಕೊಟ್ಟ ಒಂದು ಸ್ಟಾರ್ ಹಾಗೇ ಉಳಿಯಿತು. ರಿಫಂಡ್ ನೋಡುವವರು ಬೇರೆ, ರೇಟಿಂಗ್ ನೋಡುವವರು ಬೇರೆಯಂತೆ. ಇಂಥವೇ ಸೇರಿ ಎರಡು ತಿಂಗಳಲ್ಲಿ ನಮ್ಮ 4.3 ಇಳಿದು 3.9 ಆಯಿತು. ಬೆಳಗಿನ ಆರ್ಡರ್ ನಲವತ್ತರಿಂದ ಇಪ್ಪತ್ತೈದರ ಹತ್ತಿರ ಬಂತು. 115 ರೂಪಾಯಿಗಿಂತ ಈ ಪೆಟ್ಟು ಜಾಸ್ತಿ, ಅಲ್ವಾ?

ಪ್ರತಿ ಸಲ ಸಿಸಿಟಿವಿ ಹುಡುಕಲು ಆಗುವುದಿಲ್ಲ ಅಂತ ಪಾರ್ಸೆಲ್ ಕಟ್ಟೆಯ ಮೇಲೆ ತರಕಾರಿ ಅಂಗಡಿಯವರಿಡುವಂಥ ಒಂದು ತಕ್ಕಡಿ ಇಟ್ಟೆ. ಈಗ ನಮ್ಮ ಪಾರ್ಸೆಲ್ ಹುಡುಗ ಡಬ್ಬಿಗಳನ್ನು ಚೀಲದಲ್ಲಿಟ್ಟು, ಬಾಯಿ ತೆರೆದಿರುವಾಗಲೇ ಚೀಲವನ್ನು ತಕ್ಕಡಿಗೆ ಏರಿಸುತ್ತಾನೆ. ಪಕ್ಕದಲ್ಲಿ ಬಿಲ್ ಇಟ್ಟು, ತಕ್ಕಡಿಯ ಅಂಕಿಯೂ ಕಾಣುವ ಹಾಗೆ ಒಂದು ಫೋಟೋ. ಆಮೇಲೆ ಸ್ಟಿಕ್ಕರ್. ಭಾನುವಾರದ ಆ ಆರ್ಡರ್ ಆಗಿದ್ದರೆ ಒಂದು ಕಿಲೋ 480 ಗ್ರಾಂ ಆಸುಪಾಸು ತೂಗುತ್ತದೆ. ಬಾತ್ ಡಬ್ಬಿ ಇಲ್ಲದಿದ್ದರೆ 350 ಗ್ರಾಂ ಕಮ್ಮಿ. ಡಬ್ಬಿ ಖಾಲಿ ಇತ್ತು ಅನ್ನುವ ವಾದವೂ ಇದರ ಮುಂದೆ ನಿಲ್ಲುವುದಿಲ್ಲ.

ಸಿಟ್ಟು ಇಳಿದಿದ್ದೂ ಅದೇ ತಕ್ಕಡಿಯಿಂದ. ಮೊದಲ ಎರಡು ವಾರದಲ್ಲಿ ಆರು ಸಲ ತೂಕ ಕಮ್ಮಿ ಬಂತು. ತೆಗೆದು ನೋಡಿದರೆ ಐದು ಸಲ ಚಟ್ನಿ ಹಾಕಿರಲಿಲ್ಲ, ಒಂದು ಸಲ ವಡೆಯೇ ಇರಲಿಲ್ಲ! ನಾನು ಸುಳ್ಳು ದೂರು ಅಂತ ಬೈದುಕೊಂಡಿದ್ದರಲ್ಲಿ ಎಷ್ಟು ನಿಜವಿತ್ತೋ.

ತಕ್ಕಡಿಯಿಂದ ಎಲ್ಲ ಆಗುವುದಿಲ್ಲ. ಸಾಂಬಾರ್ ಚೆಲ್ಲಿತು, ದೋಸೆ ಮೆತ್ತಗಾಯಿತು ಅಂದರೆ ಫೋಟೋ ಏನೂ ಮಾಡದು. ಸಾಂಬಾರ್ ಕವರ್ ಬಿಟ್ಟು ಮುಚ್ಚಳ ಬಿಗಿಯುವ ಡಬ್ಬಿಗೆ ಬಂದೆವು, ಮಸಾಲೆ ದೋಸೆಯ ಡಬ್ಬಿಗೆ ಎರಡು ತೂತು ಹಾಕುತ್ತೇವೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಆ್ಯಪ್ ಫೋನ್ ಕ್ಯಾಷಿನಲ್ಲಿಲ್ಲ, ಪಾರ್ಸೆಲ್ ಹುಡುಗನ ಹತ್ತಿರವೇ ಇದೆ.

ಐದಕ್ಕೆ ಎರಡೂವರೆ ಕೊಡುತ್ತೇನೆ. ಮನೆ ಬಾಗಿಲಿಗೆ ತಿಂಡಿ ಕಳಿಸಲು ಸ್ವಂತ ಹುಡುಗರನ್ನಿಡುವಷ್ಟು ಬಂಡವಾಳ ನನಗಿಲ್ಲ, ಹಾಗಾಗಿ ಬಿಡುವ ಮಾತಿಲ್ಲ. ರೇಟಿಂಗ್ ಈಗ 4.1. ಈ ಬುಧವಾರದ ಶೀಟಿನಲ್ಲಿ ಮೂರು ಕಡಿತ ಇವೆ. ಒಂದು ನಮ್ಮದೇ ತಪ್ಪು, ಬಿಟ್ಟೆ. ಉಳಿದ ಎರಡರ ಫೋಟೋ ಹುಡುಕಿಟ್ಟಿದ್ದೇನೆ. ಮಧ್ಯಾಹ್ನ ಅಂಗಡಿ ತೊಳೆದ ಮೇಲೆ ಬರೆಯಬೇಕು.